60 ಹರ್ಟ್ಸ್ ಸಾಕೇ, 144 ಹರ್ಟ್ಸ್ ಬೇಕೇ?

60 ಹರ್ಟ್ಸ್ ಮಾನಿಟರ್ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರವನ್ನು ಹೊಸದಾಗಿಸಿದರೆ, 144 ಹರ್ಟ್ಸ್‌ನದು 6.9ಕ್ಕೊಮ್ಮೆ, 240 ಹರ್ಟ್ಸ್‌ನದು 4.2ಕ್ಕೊಮ್ಮೆ ಆ ಕೆಲಸ ಮಾಡುತ್ತದೆ. ಮೊದಲ ಏರಿಕೆಯಲ್ಲಿ ಸುಮಾರು 10 ಮಿಲಿಸೆಕೆಂಡು ಉಳಿಯುತ್ತದೆ, ಎರಡನೆಯದರಲ್ಲಿ ಮೂರೂ ಉಳಿಯುವುದಿಲ್ಲ; ಹೀಗಾಗಿ ಸ್ಪರ್ಧಾತ್ಮಕ ಶೂಟಿಂಗ್ ಆಟ ಆಡದವರಿಗೆ 240ರ ಹೆಚ್ಚುವರಿ ಬೆಲೆ ಸಮರ್ಥನೀಯವಲ್ಲವೆಂಬುದು ನನ್ನ ಅಭಿಪ್ರಾಯ.

ನಿಮ್ಮ ಗ್ರಾಫಿಕ್ಸ್ ಕಾರ್ಡ್ ಒಂದು ಆಟದಲ್ಲಿ ಸೆಕೆಂಡಿಗೆ 90 ಫ್ರೇಮ್ ಕೊಡುತ್ತದೆ ಎಂದುಕೊಳ್ಳೋಣ. 60 ಹರ್ಟ್ಸ್ ಪರದೆ ಅವುಗಳಲ್ಲಿ 60ನ್ನು ಮಾತ್ರ ಪೂರ್ಣವಾಗಿ ತೋರಿಸಬಲ್ಲದು. 144 ಹರ್ಟ್ಸ್ ಪರದೆ ಎಲ್ಲವನ್ನೂ ತೋರಿಸುತ್ತದೆಯಾದರೂ, ಫ್ರೇಮ್ ಬದಲಾವಣೆಯನ್ನು ಪರದೆಯ ಲಯಕ್ಕೆ ಕಟ್ಟಿಹಾಕುವ ವೀ-ಸಿಂಕ್ ಇದ್ದಾಗ 11.1 ಮಿಲಿಸೆಕೆಂಡಿಗೊಂದು ಸಿದ್ಧವಾಗುವ ಫ್ರೇಮ್ 6.9ರ ಲಯಕ್ಕೆ ಹೊಂದದೆ, ಕೆಲವು ಒಂದು ಸುತ್ತು, ಕೆಲವು ಎರಡು ಸುತ್ತು ಪರದೆಯ ಮೇಲೆ ನಿಂತು, ಚಲನೆ ತಡವರಿಸಿದಂತೆ ಕಾಣುತ್ತದೆ. ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದ್ದರೆ ಫ್ರೇಮ್ ಸಿದ್ಧವಾದಾಗಲೇ ಪರದೆ ಬದಲಾಗುವುದರಿಂದ ಈ ದೋಷ ನೀಗುತ್ತದೆ. ಆದ್ದರಿಂದ ಆ ಸೌಲಭ್ಯವಿಲ್ಲದ 144 ಹರ್ಟ್ಸ್ ಮಾನಿಟರನ್ನು ಆಟಕ್ಕಾಗಿ ಕೊಳ್ಳಬೇಡಿ.

ಆಟ 40–50 ಫ್ರೇಮ್‌ಗಳಲ್ಲೇ ಓಡುತ್ತಿದ್ದರೆ ಹೊಸ ಪರದೆಯಿಂದ ಲಾಭ ಅಲ್ಪ. ಮೊದಲು ಆಟದ ಗುಣಮಟ್ಟ ತಗ್ಗಿಸಿ ನೋಡಿ, ಸಾಲದಿದ್ದರೆ ಕಾರ್ಡಿಗೆ ಹಣ ಹಾಕಿ. ಸ್ಥಿರವಾಗಿ 80 ದಾಟಿದರೆ 144 ಹರ್ಟ್ಸ್ ಸಾರ್ಥಕ. ಪುಟ ಸರಿಸುವಾಗಿನ, ಮೌಸ್ ಓಡಿಸುವಾಗಿನ ನುಣುಪು ಮಾತ್ರ ಸಾಧಾರಣ ಕಂಪ್ಯೂಟರಿನಲ್ಲೂ ಸಿಗುತ್ತದೆ.

ಮಾನಿಟರ್ ತಂದ ಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ದರವನ್ನು ಪರೀಕ್ಷಿಸಿ: ಹಲವೊಮ್ಮೆ ಅದು 60ರಲ್ಲೇ ಉಳಿದಿರುತ್ತದೆ, 144 ಆಯ್ಕೆಯೇ ಕಾಣದಿದ್ದರೆ ಕೇಬಲ್ಲನ್ನೋ ಪೋರ್ಟನ್ನೋ ಬದಲಿಸಬೇಕಾಗುತ್ತದೆ.