ಭಾವನೆಯ ಮೂರು ಸಿದ್ಧಾಂತಗಳು: ಪ್ರಬಂಧಕ್ಕೆ ಯಾವುದನ್ನು ಆರಿಸಬೇಕು?

ಕತ್ತಲಲ್ಲಿ ಹಾವು ಕಂಡಾಗ ಭಯ ಮೊದಲೋ, ಎದೆಬಡಿತ ಮೊದಲೋ ಎಂಬ ಪ್ರಶ್ನೆಗೆ ಮನೋವಿಜ್ಞಾನದ ಪಠ್ಯಗಳು ಸಾಮಾನ್ಯವಾಗಿ ಮೂರು ಉತ್ತರಗಳನ್ನು ಕೊಡುತ್ತವೆ.

| ಸಿದ್ಧಾಂತ | ಬಲ | ಟೀಕೆ |
|---|---|---|
| ಜೇಮ್ಸ್–ಲಾಂಗೆ (1884–85): ದೇಹದ ಬದಲಾವಣೆಯ ಅರಿವೇ ಭಾವನೆ. | ಭಾವನೆಯಲ್ಲಿ ದೇಹದ ಪಾತ್ರವನ್ನು ಮುಂದಿಟ್ಟಿತು. | ಜ್ವರದಲ್ಲೂ ಎದೆ ಬಡಿಯುತ್ತದೆ, ಆದರೆ ಭಯವಾಗುವುದಿಲ್ಲ. |
| ಕ್ಯಾನನ್–ಬಾರ್ಡ್ (1927ರಿಂದ): ಮಿದುಳು ಭಾವನೆ ಮತ್ತು ದೇಹದ ಬದಲಾವಣೆ ಎರಡನ್ನೂ ಒಟ್ಟಿಗೆ ಹೊರಡಿಸುತ್ತದೆ. | ಒಳಾಂಗಗಳು ಭಾವನೆಗಿಂತ ನಿಧಾನವಾಗಿ ಬದಲಾಗುವುದನ್ನು ಗಮನಿಸಿತು. | ಮಿದುಳಿನ ಒಳಭಾಗವಾದ ಥಲಾಮಸ್‌ಗೆ ಅತಿಯಾದ ಪಾತ್ರ ಕೊಟ್ಟಿತು. |
| ಶಾಕ್ಟರ್–ಸಿಂಗರ್ (1962): ದೇಹದ ಉದ್ರೇಕಕ್ಕೆ ಸಂದರ್ಭ ಹೆಸರು ಕೊಡುತ್ತದೆ. | ಒಂದೇ ಉದ್ರೇಕ ಬೇರೆ ಬೇರೆ ಭಾವನೆಯಾಗುವುದನ್ನು ವಿವರಿಸುತ್ತದೆ. | ಪ್ರಯೋಗದ ಆಧಾರ ದುರ್ಬಲ. |

ಕೊನೆಯ ಟೀಕೆಯನ್ನು ಬಿಡಿಸಿ ಹೇಳಬೇಕು. ವಿಟಮಿನ್ ಎಂದು ನಂಬಿಸಿ ವಿದ್ಯಾರ್ಥಿಗಳಿಗೆ ಎದೆಬಡಿತ ಹೆಚ್ಚಿಸುವ ಅಡ್ರಿನಾಲಿನ್ ಚುಚ್ಚಿ, ಅದರ ಪರಿಣಾಮವನ್ನು ಕೆಲವರಿಗೆ ಸರಿಯಾಗಿ ತಿಳಿಸಿ, ಕೆಲವರಿಗೆ ಮುಚ್ಚಿಟ್ಟು, ಪಕ್ಕದಲ್ಲಿ ಕುಣಿದಾಡುವ ಅಥವಾ ಸಿಡುಕುವ ನಟನೊಬ್ಬನನ್ನು ಕೂರಿಸಲಾಗಿತ್ತು. ತಿಳಿಯದವರು ನಟನ ಭಾವವನ್ನೇ ತಮ್ಮದೆಂದುಕೊಳ್ಳಬೇಕೆಂಬುದು ನಿರೀಕ್ಷೆಯಾಗಿತ್ತು. ಅವರು ಪರಿಣಾಮ ತಿಳಿದವರಿಗಿಂತ ಭಿನ್ನವಾಗಿ ವರ್ತಿಸಿದರೂ, ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗಿಂತ ಸ್ಪಷ್ಟವಾಗಿ ಭಿನ್ನರಾಗಲಿಲ್ಲ. 1979ರಲ್ಲಿ ಮಾರ್ಷಲ್ ಮತ್ತು ಜಿಂಬಾರ್ಡೊ ಸಂತೋಷದ ಭಾಗವನ್ನು ಮತ್ತೆ ನಡೆಸಿದಾಗಲೂ ನಿರೀಕ್ಷಿಸಿದ ಫಲ ಸಿಗಲಿಲ್ಲ. ಪಠ್ಯದ ಸಾರಾಂಶಗಳಲ್ಲಿ ಈ ಉಪ್ಪುನೀರಿನ ಗುಂಪೇ ಮಾಯವಾಗಿರುವುದುಂಟು.

ಪುರಾವೆಯನ್ನು ತೂಗುವ ಪ್ರಬಂಧವಾದರೆ ನಾನು ಶಾಕ್ಟರ್–ಸಿಂಗರ್ ಆರಿಸುತ್ತೇನೆ, ಏಕೆಂದರೆ ಅಲ್ಲಿ ಬಲ ಮತ್ತು ಟೀಕೆ ಎರಡೂ ಒಂದೇ ಪ್ರಯೋಗದಿಂದ ಹುಟ್ಟುತ್ತವೆ. ಚಿಂತನೆಯ ಇತಿಹಾಸವನ್ನು ಬರೆಯುವವರಿಗೆ ಜೇಮ್ಸ್‌ನಿಂದ ಆರಂಭಿಸುವುದು ಸುಲಭ.