ಹೊಸ ನಗರಕ್ಕೆ ದಂಡ ತೆರಬೇಕೆ? ಸಿವಿಲೈಸೇಶನ್ 5 ಮತ್ತು 6

ಸಾಮ್ರಾಜ್ಯ ಕಟ್ಟುವ ಈ ಎರಡು ಕಂಪ್ಯೂಟರ್ ಆಟಗಳನ್ನೂ ಎಲ್ಲ ವಿಸ್ತರಣೆಗಳ ಸಮೇತ ಕೊಂಡು ಆಡಿದ್ದೇನೆ. ನನ್ನ ಆಯ್ಕೆ ಆರನೆಯದು. ನಕ್ಷೆ ತುಂಬ ನಗರ ಕಟ್ಟುವುದು ನನಗೆ ಇಷ್ಟ. ಐದನೆಯದು ಅದಕ್ಕೆ ಅಡ್ಡಗಾಲು ಹಾಕುತ್ತದೆ.

ಅಡ್ಡಗಾಲು ಯಾವುದೆಂದರೆ, 2013ರ ‘ಬ್ರೇವ್ ನ್ಯೂ ವರ್ಲ್ಡ್’ ವಿಸ್ತರಣೆ ತಂದ ನಿಯಮ. ಸಾಮಾನ್ಯ ಗಾತ್ರದ ನಕ್ಷೆಯಲ್ಲಿ ಪ್ರತಿ ಹೊಸ ನಗರಕ್ಕೆ ಎಲ್ಲ ತಂತ್ರಜ್ಞಾನಗಳ ಬೆಲೆ ಶೇಕಡಾ 5ರಷ್ಟು ಏರುತ್ತದೆ. ಕೇಳಲು ಸಣ್ಣದು. ಆದರೆ ನಾಲ್ಕು ನಗರಗಳಿಂದ ಸರದಿಗೆ 200 ವಿಜ್ಞಾನ ಅಂಕ ಬರುತ್ತಿದೆ ಎಂದುಕೊಳ್ಳಿ. ಐದನೆಯ ನಗರ ಕಟ್ಟಿದ ಮೇಲೂ ಸಂಶೋಧನೆ ಹಳೆಯ ವೇಗದಲ್ಲೇ ಸಾಗಬೇಕಾದರೆ ಅದೊಂದೇ ಎಂಟು ಅಂಕಕ್ಕಿಂತ ಹೆಚ್ಚು ದುಡಿಯಬೇಕು. ಒಬ್ಬ ಪ್ರಜೆಗೆ ಒಂದು ಅಂಕ, ಗ್ರಂಥಾಲಯ ಇದ್ದರೆ ಇಬ್ಬರಿಗೆ ಇನ್ನೊಂದು. ಐವರು ಪ್ರಜೆಗಳ ಊರು ಏಳರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಆಟ ಮುಂದುವರಿದಂತೆ ಒಟ್ಟು ವಿಜ್ಞಾನ ಹೆಚ್ಚುವುದರಿಂದ ಈ ಮಟ್ಟವೂ ಏರುತ್ತದೆ. ತಡವಾಗಿ ಕಟ್ಟಿದ ನಗರ ವಿಶ್ವವಿದ್ಯಾಲಯ ಪಡೆಯುವವರೆಗೂ ಉಳಿದವುಗಳ ಮೇಲೆ ಹೊರೆಯೇ. ಹಾಗಾಗಿ ಬಾಹ್ಯಾಕಾಶ ನೌಕೆಯ ಗೆಲುವಿಗೆ ಹೊರಟವರು ಸಾಮಾನ್ಯವಾಗಿ ನಾಲ್ಕು ದೊಡ್ಡ ನಗರಗಳಿಗೆ ನಿಲ್ಲುತ್ತಾರೆ. ನಕ್ಷೆಯಲ್ಲಿ ಒಳ್ಳೆಯ ನದಿ ತೀರ ಖಾಲಿ ಬಿದ್ದಿದ್ದರೂ ಕೈಕಟ್ಟಿ ಕೂರಬೇಕು. ನನಗೆ ಇದು ಸಹಿಸಲಾಗದ ಸಂಗತಿ.

ಆರನೆಯದರಲ್ಲಿ ಈ ದಂಡವಿಲ್ಲ. ನಿಮ್ಮ ತಂತ್ರಜ್ಞಾನ ವೃಕ್ಷ ಬೆಳೆದಂತೆ, ನಗರದ ಸುತ್ತ ಕಟ್ಟುವ ವಿಶೇಷ ವಲಯಗಳಾದ ಡಿಸ್ಟ್ರಿಕ್ಟ್‌ಗಳು ದುಬಾರಿಯಾಗುತ್ತವೆ, ಆದ್ದರಿಂದ ತಡವಾದ ನಗರ ನಿಧಾನವಾಗಿ ಎದ್ದು ನಿಲ್ಲುತ್ತದೆ. ಆದರೆ ಉಳಿದ ನಗರಗಳ ಸಂಶೋಧನೆಗೆ ಅದರಿಂದ ಪೆಟ್ಟು ಬೀಳುವುದಿಲ್ಲ. ಮೇಲಾಗಿ, ನೆಲದ ಮೇಲೆ ಮಾಡಿದ ಕೆಲಸವೇ ವೃಕ್ಷವನ್ನು ಮುಂದೆ ತಳ್ಳುತ್ತದೆ. ಮೂರು ಗಣಿ ತೋಡಿದರೆ ‘ಅಪ್ರೆಂಟಿಸ್‌ಶಿಪ್’ ಎಂಬ ತಂತ್ರಜ್ಞಾನಕ್ಕೆ ಯುರೇಕಾ, ಅಂದರೆ ಸಂಶೋಧನೆಯ ಬೆಲೆಯಲ್ಲಿ ರಿಯಾಯಿತಿ ಸಿಗುತ್ತದೆ, ಕಲ್ಲುಗಣಿ ಮಾಡಿದರೆ ‘ಮೇಸನ್ರಿ’ಗೆ. 2019ರ ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆ ಬಂದ ಮೇಲೆ ಒಂದು ಯುರೇಕಾ ಬೆಲೆಯ ಶೇಕಡಾ 40ರಷ್ಟನ್ನು ಭರಿಸುತ್ತದೆ. ಹೆಚ್ಚು ನಗರ ಇದ್ದವನಿಗೆ ಹೆಚ್ಚು ಬಗೆಯ ನೆಲ, ಹೆಚ್ಚು ಯುರೇಕಾ. ಶೇಕಡಾ 60 ಮುಗಿದ ಕೂಡಲೇ ಸಂಶೋಧನೆ ಬದಲಿಸಿ ಯುರೇಕಾಗೆ ಕಾಯುವ ಅಭ್ಯಾಸ ಬೇಕು, ಅದೊಂದು ಕಿರಿಕಿರಿ.

ವಿಜ್ಞಾನದ ಗೆಲುವಿನ ಕೊನೆಯ ಹಂತ ಐದನೆಯದರಲ್ಲೇ ಬಿಗಿಯಾಗಿದೆ. ನೌಕೆಯ ಆರು ಭಾಗಗಳನ್ನು ರಾಜಧಾನಿಗೆ ಸಾಗಿಸಬೇಕು, ಆ ಪಯಣಕ್ಕೆ ಕಾವಲು ಬೇಕು. ಆರನೆಯದರಲ್ಲಿ ಕೊನೆಯ ಯಾತ್ರೆ ಹೊರಟ ಮೇಲೆ 50 ಜ್ಯೋತಿರ್ವರ್ಷ ಕ್ರಮಿಸುವವರೆಗೆ ಕಾಯಬೇಕು. ಲೇಸರ್ ಕೇಂದ್ರಗಳನ್ನು ಕಟ್ಟದಿದ್ದರೆ ಸರದಿಗೆ ಒಂದೇ ಜ್ಯೋತಿರ್ವರ್ಷ. ಹಲವು ನಗರ ಇದ್ದರೆ ಆ ಯೋಜನೆಗಳನ್ನು ಹಂಚಿ ಮುಗಿಸಬಹುದು, ನನ್ನ ಆಟಕ್ಕೆ ಇದೂ ಹೊಂದುತ್ತದೆ.

ಸಾಮ್ರಾಜ್ಯ ಹರಡುವ ಹಂಬಲವಿದ್ದರೆ ಆರನೆಯದನ್ನು ‘ಗ್ಯಾದರಿಂಗ್ ಸ್ಟಾರ್ಮ್’ ಸಮೇತ ರಿಯಾಯಿತಿ ಬಂದಾಗ ಕೊಳ್ಳಿ. ಕಂಪ್ಯೂಟರ್ ಹಳೆಯದಾಗಿದ್ದು, ಕೆಲವೇ ನಗರಗಳನ್ನು ಜತನದಿಂದ ಬೆಳೆಸುವುದು ಇಷ್ಟವಾದರೆ ಐದನೆಯದು ಸಾಕು.