ಆರ್ಡರ್ ಹೆಚ್ಚಿತು, ನಷ್ಟ ನಿಲ್ಲಲಿಲ್ಲ: ಕ್ಲೌಡ್ ಕಿಚನ್ ತೆರೆಯುವ ಮೊದಲು ಈ ಲೆಕ್ಕ ನೋಡಿ

ಕೂತು ತಿನ್ನುವ ಜಾಗವಿಲ್ಲದೆ, ಆಹಾರ ತಲುಪಿಸುವ ಆ್ಯಪ್‌ನಲ್ಲಿ ಬಂದ ಆರ್ಡರಿಗಷ್ಟೇ ಅಡುಗೆ ಮಾಡಿ ಕಳಿಸುವ ಕ್ಲೌಡ್ ಕಿಚನ್ ತೆರೆದ ಮೊದಲ ತಿಂಗಳು ನಮಗೆ ಬಂದದ್ದು 900 ಆರ್ಡರ್. ಐದನೆಯ ತಿಂಗಳಿಗೆ ಅದು 1,400 ದಾಟಿತ್ತು. ಆ ತಿಂಗಳೇ ತರಕಾರಿಯವರಿಗೆ ಕೊಡಲು ಹಣವಿಲ್ಲದೆ ಅಕ್ಕನ ಬಳಿ ಕೈಚಾಚಿದೆ. ಅವಳು ಹಣ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿದಳು: "ದಿನಕ್ಕೆ ಎಷ್ಟು ಊಟ ಹೋಗುತ್ತದೆ ಎಂದು ಹೇಳಬೇಡ. ಒಂದು ಊಟ ಹೋದರೆ ನಿನಗೆ ಎಷ್ಟು ಉಳಿಯುತ್ತದೆ, ಅದನ್ನು ಹೇಳು." ನಾನು ಧೈರ್ಯವಾಗಿ "ನೂರಕ್ಕೆ ಮೂವತ್ತೈದು" ಎಂದೆ. ಅದು ಶುದ್ಧ ಸುಳ್ಳು ಎಂದು ಗೊತ್ತಾಗಲು ಒಂದು ರಾತ್ರಿ ಸಾಕಾಯಿತು.

ಯಾರ ಲೆಕ್ಕಕ್ಕಾದರೂ ಹೊಂದಲಿ ಎಂದು ಮೆನುವಿನಲ್ಲಿ ಒಂದು ಊಟದ ಬೆಲೆ 100 ಎಂದಿಟ್ಟುಕೊಂಡೇ ಬರೆಯುತ್ತೇನೆ. ಆರಂಭದಲ್ಲಿ ನಾನು ಹಾಕಿದ್ದ ಲೆಕ್ಕ ಹೀಗಿತ್ತು: ಆ್ಯಪ್‌ನ ಕಮಿಷನ್ 25, ದಿನಸಿ ತರಕಾರಿ 33, ಡಬ್ಬಿ ಚೀಲ ಇತ್ಯಾದಿ ಪ್ಯಾಕಿಂಗ್ 7. ಉಳಿದದ್ದು 35. ಬಾಡಿಗೆ, ಸಂಬಳ, ಗ್ಯಾಸ್, ವಿದ್ಯುತ್ ಎಲ್ಲ ಸೇರಿ ತಿಂಗಳಿಗೆ 24,000 ಬೇಕಿತ್ತು. 900 ಊಟ ಹೋದರೆ 31,500 ಕೈಗೆ ಬರುತ್ತದೆ, ಖರ್ಚು ಕಳೆದು ಏಳೂವರೆ ಸಾವಿರ ಉಳಿಯುತ್ತದೆ. ಕಾಗದದ ಮೇಲೆ ಎಷ್ಟು ಚಂದ!

ಆ ರಾತ್ರಿ ಅಕ್ಕ ಮಾಡಿಸಿದ ಕೆಲಸವೆಂದರೆ, ಆ್ಯಪ್‌ನಿಂದ ವಾರದ ಸೆಟಲ್‌ಮೆಂಟ್ ವರದಿಯನ್ನು ಇಳಿಸಿಕೊಂಡು ಒಂದೇ ಒಂದು ಆರ್ಡರಿನ ಸಾಲನ್ನು ಎಡದಿಂದ ಬಲಕ್ಕೆ ಓದಿದ್ದು. ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ 'ಮಾರಾಟ'ವನ್ನು ನೋಡಿ ನಾನು ಐದು ತಿಂಗಳು ಹಿಗ್ಗಿದ್ದೆ. ಆರ್ಡರುವಾರು ಹಾಳೆಯನ್ನು ಒಮ್ಮೆಯೂ ತೆರೆದಿರಲಿಲ್ಲ.

ಆ ಸಾಲಿನಲ್ಲಿ ಮೊದಲು ಕಂಡದ್ದು ರಿಯಾಯಿತಿ. ಪಟ್ಟಿಯಲ್ಲಿ ಮೇಲೆ ಕಾಣಿಸಿಕೊಳ್ಳಲು ಶೇ. 20 ರಿಯಾಯಿತಿ ಇಡಿ ಎಂದು ಆ್ಯಪ್‌ನ ಪ್ರತಿನಿಧಿ ಹೇಳಿದ್ದರು, ನಾನು ಹೂಂ ಎಂದಿದ್ದೆ. ಅದನ್ನು ಆ್ಯಪ್ ಭರಿಸುತ್ತದೆ ಎಂದೇ ನನ್ನ ತಲೆಯಲ್ಲಿತ್ತು. ವರದಿಯಲ್ಲಿ ರಿಯಾಯಿತಿಗೆ ಎರಡು ಕಾಲಮ್ ಇದ್ದವು: ಒಂದು ಆ್ಯಪ್ ಭರಿಸುವುದು, ಇನ್ನೊಂದು ಅಡುಗೆಮನೆ ಭರಿಸುವುದು. ಇಪ್ಪತ್ತೂ ಎರಡನೆಯದರಲ್ಲಿತ್ತು. ಅಂದರೆ ನನ್ನ ಊಟದ ಬೆಲೆ ಎಂದೂ 100 ಆಗಿರಲೇ ಇಲ್ಲ, 80 ಆಗಿತ್ತು.

ಆ 80ರ ಮೇಲೆ ಶೇ. 25 ಕಮಿಷನ್ ಎಂದರೆ 20. ಹಣ ಪಾವತಿಯ ಶುಲ್ಕ ಶೇ. 2, ಅಂದರೆ 1.6. ಈ ಎರಡೂ ಆ್ಯಪ್ ನಮಗೆ ಮಾರುವ ಸೇವೆ, ಆದ್ದರಿಂದ ಅವುಗಳ ಮೇಲೆ ಶೇ. 18 ತೆರಿಗೆ, ಅದು 3.9. ಈ ತೆರಿಗೆಯನ್ನು ಮರಳಿ ಪಡೆಯುವ ಅವಕಾಶ ನನ್ನ ನೋಂದಣಿಯಲ್ಲಿ ಇರಲಿಲ್ಲ, ಹಾಗಾಗಿ ಅದೂ ಖರ್ಚೇ. ಎಲ್ಲ ಕಳೆದು ಖಾತೆಗೆ ಬರಬೇಕಾದದ್ದು 54.5. ಅದರಲ್ಲಿ ದಿನಸಿ ಮತ್ತು ಪ್ಯಾಕಿಂಗ್‌ನ 40 ತೆಗೆದರೆ ಹದಿನಾಲ್ಕೂವರೆ. ಗಮನಿಸಿ, ರಿಯಾಯಿತಿ ಕೊಟ್ಟರೂ ಅಕ್ಕಿ ಬೇಳೆಯ ಖರ್ಚು ಶೇ. 20 ಇಳಿಯುವುದಿಲ್ಲ. ಇಳಿಯುವುದೆಲ್ಲ ನಮ್ಮ ಪಾಲಿನಿಂದಲೇ. ನನ್ನ ಒಪ್ಪಂದದಲ್ಲಿ ಕಮಿಷನ್ ರಿಯಾಯಿತಿ ಕಳೆದ ಬೆಲೆಯ ಮೇಲಿತ್ತು. ನಿಮ್ಮದರಲ್ಲಿ ಪೂರ್ತಿ ಬೆಲೆಯ ಮೇಲಿದ್ದರೆ ಸ್ಥಿತಿ ಇನ್ನೂ ಕೆಟ್ಟದ್ದು. ಸಹಿ ಹಾಕುವ ಮೊದಲು ಆ ಒಂದು ಸಾಲನ್ನು ಹುಡುಕಿ ಓದಿ. ಪ್ಯಾಕಿಂಗ್ ಶುಲ್ಕವನ್ನು ಗ್ರಾಹಕರಿಂದ ಬೇರೆಯಾಗಿ ವಸೂಲು ಮಾಡುವವರು, ಅದರ ಮೇಲೂ ಕಮಿಷನ್ ಬೀಳುತ್ತದೆಯೇ ಎಂದು ಕೇಳಿ.

ಜಾಹೀರಾತು ಆರ್ಡರಿನ ಸಾಲಿನಲ್ಲಿ ಇರಲೇ ಇಲ್ಲ. ಅದು ವರದಿಯ ಬೇರೊಂದು ಹಾಳೆಯಲ್ಲಿ, ವಾರದ ಒಟ್ಟು ಕಡಿತವಾಗಿ ಕುಳಿತಿತ್ತು. ವಾರಕ್ಕೆ 1,950. ಸುಮಾರು 325 ಆರ್ಡರಿಗೆ ಹಂಚಿದರೆ ಒಂದಕ್ಕೆ 6. ನಮ್ಮ ಕೈಯಿಂದ ಎಣಿಸಿ ಕೊಟ್ಟಿದ್ದರೆ ಎರಡನೆಯ ವಾರವೇ ನಿಲ್ಲಿಸುತ್ತಿದ್ದೆ. ಬರುವ ಹಣದಲ್ಲೇ ಮುರಿದುಕೊಂಡದ್ದರಿಂದ ನೋವೇ ಆಗಲಿಲ್ಲ. ಕೊನೆಗೆ ಹಣ ಮರಳಿಸಿದ ಆರ್ಡರುಗಳು: ಸಾರು ಚೆಲ್ಲಿತು, ಒಂದು ಡಬ್ಬಿ ಬಿಟ್ಟುಹೋಯಿತು, ಇಂಥವು ನೂರಕ್ಕೆ ಮೂರು. ಅಡುಗೆ ಖರ್ಚಾಗಿರುತ್ತದೆ, ಹಣ ಬರುವುದಿಲ್ಲ. ಆರ್ಡರಿಗೆ ಹಂಚಿದರೆ 1.6.

ಹದಿನಾಲ್ಕೂವರೆಯಲ್ಲಿ ಇವೆರಡನ್ನೂ ಕಳೆದಾಗ ಉಳಿದದ್ದು 7ಕ್ಕೂ ಒಂದು ಚೂರು ಕಡಿಮೆ. ನಾನು ಮೂವತ್ತೈದು ಎಂದಿದ್ದೆ.

1,400 ಊಟವನ್ನು ಏಳರಿಂದ ಗುಣಿಸಿದರೆ 9,800. ಬೇಕಾದದ್ದು 24,000. ಆ ಒಂದೇ ತಿಂಗಳು ಹದಿನಾಲ್ಕು ಸಾವಿರ ಸೋರಿಹೋಗಿತ್ತು. ಖರ್ಚು ಸರಿದೂಗಲು 3,400ಕ್ಕೂ ಹೆಚ್ಚು ಊಟ ಹೋಗಬೇಕಿತ್ತು. ನನ್ನ ಒಲೆಗಳಲ್ಲಿ ದಿನಕ್ಕೆ 60ರ ಮೇಲೆ ಬೇಯಿಸಲು ಆಗುತ್ತಿರಲಿಲ್ಲ, ತಿಂಗಳಿಗೆ 1,800. "ಇನ್ನೂ ಸ್ವಲ್ಪ ಆರ್ಡರ್ ಬರಲಿ, ಸರಿಹೋಗುತ್ತದೆ" ಎಂದು ನಾನು ಕಾಯುತ್ತಿದ್ದ ದಿನ ಬರಲು ಸಾಧ್ಯವೇ ಇರಲಿಲ್ಲ. ಇಷ್ಟು ದಿನ ಇದು ಮುಚ್ಚಿಹೋಗಿದ್ದೇಕೆ? ಆ್ಯಪ್ ವಾರಕ್ಕೊಮ್ಮೆ ಹಣ ಹಾಕುತ್ತಿತ್ತು, ದಿನಸಿಯ ಸಾಲ ಮಾತ್ರ ತಿಂಗಳ ಕೊನೆಗೆ ತೀರಿಸಬೇಕಿತ್ತು. ಆರ್ಡರ್ ಏರುತ್ತಿದ್ದಷ್ಟು ಕಾಲ ಹೊಸ ವಾರದ ಹಣ ಹಳೆಯ ತಿಂಗಳ ಸಾಲಕ್ಕೆ ಸಾಕಾಗುತ್ತಿತ್ತು. ಏರಿಕೆ ನಿಂತ ತಿಂಗಳು ಕೈ ಖಾಲಿಯಾಯಿತು.

ಜಾಹೀರಾತಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ನನ್ನನ್ನು ಹೆಚ್ಚು ಸಿಟ್ಟಿಗೆಬ್ಬಿಸಿದ್ದು ಇದೇ. ವಾರಕ್ಕೆ 140 ಆರ್ಡರ್ ಜಾಹೀರಾತಿನಿಂದ ಬಂದಿವೆ ಎಂದು ಆ್ಯಪ್‌ನ ವರದಿ ಹೇಳುತ್ತಿತ್ತು. ಪರೀಕ್ಷಿಸೋಣ ಎಂದು ರಿಯಾಯಿತಿಯನ್ನು ಹಾಗೆಯೇ ಇಟ್ಟು, ಎರಡು ವಾರ ಜಾಹೀರಾತು ಮಾತ್ರ ನಿಲ್ಲಿಸಿದೆ. ವಾರಕ್ಕೆ ಕಡಿಮೆಯಾದದ್ದು ಸುಮಾರು 35 ಆರ್ಡರ್. ಉಳಿದವರು ನಮ್ಮ ಹೆಸರು ಹುಡುಕಿಕೊಂಡು ಬರುವ ಹಳೆಯ ಗ್ರಾಹಕರು. ಪಟ್ಟಿಯಲ್ಲಿ ಮೊದಲು ಕಂಡ ಜಾಹೀರಾತನ್ನು ಒತ್ತಿ ಬರುತ್ತಿದ್ದರು, ಅಷ್ಟೇ. 1,950ನ್ನು 35ರಿಂದ ಭಾಗಿಸಿ ನೋಡಿ: ಹೊಸದಾಗಿ ಬಂದ ಒಂದು ಆರ್ಡರಿಗೆ 55ಕ್ಕಿಂತ ಹೆಚ್ಚು ಸುರಿದು, ಅದರಿಂದ, ಹದಿನಾಲ್ಕೂವರೆಯಲ್ಲಿ ಮರಳಿಸುವಿಕೆಯ 1.6 ಕಳೆದು, ಸುಮಾರು 13 ಗಳಿಸುತ್ತಿದ್ದೆ. ಎರಡೇ ವಾರದ ಪರೀಕ್ಷೆ ಪೂರ್ತಿ ನಿಖರವಲ್ಲ, ಮಳೆ ಬಂದರೂ ರಜೆ ಬಂದರೂ ಅಂಕಿ ಅಲುಗಾಡುತ್ತದೆ. ಆದರೆ 13ಕ್ಕೂ 55ಕ್ಕೂ ಇರುವ ಅಂತರ ಮಳೆಯಿಂದ ಬರುವಂಥದ್ದಲ್ಲ.

ಆಮೇಲೆ ಜಾಹೀರಾತನ್ನು ಪೂರ್ತಿ ತೆಗೆದು, ರಿಯಾಯಿತಿಯನ್ನು ಶೇ. 10ಕ್ಕೆ ಇಳಿಸಿದೆ. ಮೆನು ಬೆಲೆ ಮುಟ್ಟಲಿಲ್ಲ. 90ರಲ್ಲಿ ಕಮಿಷನ್, ಶುಲ್ಕ, ತೆರಿಗೆ ಕಳೆದು 61.3 ಬಂತು. ಖರ್ಚಿನ 40 ಮತ್ತು ಮರಳಿಸುವಿಕೆಯ 1.8 ತೆಗೆದರೆ 19.5. ಆರ್ಡರ್ 1,100ಕ್ಕೆ ಕುಸಿಯಿತು, ಪ್ರತಿನಿಧಿ ಎರಡು ಸಲ ಕರೆ ಮಾಡಿ ಕಳವಳ ವ್ಯಕ್ತಪಡಿಸಿದರು. ನಮ್ಮ ನಷ್ಟ ಮಾತ್ರ ಹದಿನಾಲ್ಕು ಸಾವಿರದಿಂದ ಎರಡೂವರೆ ಸಾವಿರಕ್ಕೆ ಇಳಿದಿತ್ತು. ಇನ್ನು ನೂರೈವತ್ತು ಆರ್ಡರ್ ಬಂದರೆ ದಡ ಸೇರುತ್ತಿದ್ದೆವು.

ಅಷ್ಟು ಹೊತ್ತಿಗೆ ಉಳಿತಾಯ ಮುಗಿದಿತ್ತು, ಬಾಡಿಗೆ ಕರಾರು ನವೀಕರಿಸುವ ದಿನವೂ ಬಂದಿತ್ತು. ನವೀಕರಿಸಲಿಲ್ಲ. ಪಾತ್ರೆ, ಒಲೆಗಳನ್ನು ಕೊಳ್ಳಲು ಬಂದ ಹುಡುಗ "ತಿಂಗಳಿಗೆ ಎಷ್ಟು ಆರ್ಡರ್ ಬರುತ್ತಿತ್ತು ಸಾರ್?" ಎಂದು ಕೇಳಿದ. ಅವನನ್ನು ಕೂರಿಸಿ, ಆ ಹಾಳೆಯ ಒಂದು ಸಾಲನ್ನು ಎಡದಿಂದ ಬಲಕ್ಕೆ ಓದಿಸಿದೆ. ಒಲೆ ಕೊಂಡ, ಆದರೆ ಎರಡರ ಬದಲು ಒಂದನ್ನೇ.